ಧ್ವನಿ ಬದಲಿಸಿದ ಹಾಡು: ಕೋಟೆ, ಸೆರಗು, ನಿಧಾನಗತಿ

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಹಳೆಯ ಹಾಡಿನ ತುಣುಕೊಂದು ಬಂದಿದೆ. ಕಲ್ಲಿನ ಕೋಟೆ, ದೊಡ್ಡ ಬಂಡೆಗಳು, ಯುವ ಜೋಡಿ ನಿಧಾನಗತಿಯಲ್ಲಿ ಓಡುತ್ತದೆ. ಮುಖಗಳು ಮಸುಕು. ಧ್ವನಿ ಮಾತ್ರ ಯಾವುದೋ ಹೊಸ ಹಾಡಿನದು. ಆ್ಯಪ್‌ಗೆ ಕೇಳಿಸಿದರೆ ಹೊಸ ಹಾಡಿನ ಹೆಸರೇ ಬರುತ್ತದೆ. ಮೂಲ ಹಾಡು ಯಾವುದು?

ಉತ್ತರ: ಆ್ಯಪ್ ಕಿವಿಗೆ ಬಿದ್ದದ್ದನ್ನು ಹೇಳುತ್ತದೆ, ಕಣ್ಣಿಗೆ ಬಿದ್ದದ್ದನ್ನಲ್ಲ. ಇದನ್ನು ಎಷ್ಟು ಬಾರಿ ಬರೆದರೂ ಮುಂದಿನ ವಾರ ಅದೇ ದೂರು ಬರುತ್ತದೆ. ಧ್ವನಿಯನ್ನು ಪೂರ್ತಿ ಅಡಗಿಸಿ ನೋಡಿ.

ಮೊದಲು ಕೋಟೆ. ಬಂಡೆ ಕಂಡ ಕೂಡಲೇ ಹಂಪಿ ಎನ್ನುವವರೇ ಹೆಚ್ಚು. ಹಂಪಿಯ ಚೌಕಟ್ಟಿನಲ್ಲಿ ಎಲ್ಲೋ ಒಂದು ಕಡೆ ಕಂಬಗಳ ಮಂಟಪವೋ ತುಂಗಭದ್ರೆಯೋ ನುಸುಳುತ್ತದೆ. ಚಿತ್ರದುರ್ಗದಲ್ಲಿ ಕೋಟೆಯ ಗೋಡೆ ಬಂಡೆಯಿಂದ ಬಂಡೆಗೆ ಏರುತ್ತಾ ಇಳಿಯುತ್ತಾ ಹೋಗುತ್ತದೆ, ಬಂಡೆಯೇ ಅರ್ಧ ಗೋಡೆಯಾಗಿರುತ್ತದೆ. ನಿಮ್ಮ ತುಣುಕಿನಲ್ಲಿ ಅಂಥ ಗೋಡೆಯಿದ್ದರೆ ನನ್ನ ಮೊದಲ ಊಹೆ ಪುಟ್ಟಣ್ಣ ಕಣಗಾಲ್ ನಿರ್ದೇಶನದ ‘ನಾಗರಹಾವು’ (1972), ಅದರಲ್ಲಿ ‘ಬಾರೇ ಬಾರೇ’. ವಿಷ್ಣುವರ್ಧನ್ ಮತ್ತು ಆರತಿ ಅಭಿನಯಿಸಿದ, ಪಿ.ಬಿ. ಶ್ರೀನಿವಾಸ್ ಹಾಡಿದ ಈ ಗೀತೆಯ ಗುರುತೇ ನಿಧಾನಗತಿ.

ಆದರೆ ಊಹೆಗೆ ಅಲ್ಲಿಗೇ ಮುದ್ರೆ ಒತ್ತಬೇಡಿ. ಜಾಗ ಹೇಳುವುದು ಚಿತ್ರವನ್ನು, ಹಾಡನ್ನಲ್ಲ. ಅದೇ ಚಿತ್ರದಲ್ಲಿ ಅದೇ ಕೋಟೆ ಬೇರೆ ಹಾಡುಗಳಲ್ಲೂ ಇದೆ. ಕೈಯಲ್ಲಿ ಒನಕೆ ಹಿಡಿದ ಹೆಣ್ಣು, ಕಿಂಡಿಯಿಂದ ನುಸುಳುವ ಸೈನಿಕರು ಇದ್ದರೆ ಅದು ಜಯಂತಿ ಅಭಿನಯದ ಓಬವ್ವನ ಹಾಡು. ನಾಯಕ ಒಬ್ಬನೇ ಸಿಡಿಮಿಡಿಗೊಂಡು ಅಲೆಯುತ್ತಿದ್ದರೆ ‘ಹಾವಿನ ದ್ವೇಷ’. ಜೋಡಿ ಇದ್ದು, ಓಟ ಗಾಳಿಯಲ್ಲಿ ತೇಲುವಂತಿದ್ದರೆ ಮಾತ್ರ ಮುಂದುವರಿಯಿರಿ.

ಇಲ್ಲಿ ಜನ ಎಡವುವುದು ನಿಧಾನಗತಿಯಲ್ಲೇ. ಈಗ ಯಾವ ಹಾಡನ್ನಾದರೂ ಮೊಬೈಲಿನಲ್ಲಿ ನಿಧಾನ ಮಾಡಬಹುದು. ಸಿನಿಮಾದ ನಿಜವಾದ ನಿಧಾನಗತಿಗೆ ಚಿತ್ರೀಕರಣದಲ್ಲೇ ಕ್ಯಾಮೆರಾವನ್ನು ವೇಗವಾಗಿ ಓಡಿಸುತ್ತಾರೆ. ಸೆಕೆಂಡಿಗೆ 48 ಚೌಕಟ್ಟು ತೆಗೆದು 24ರಂತೆ ತೋರಿಸಿದರೆ ಚಲನೆ ಅರ್ಧ ವೇಗಕ್ಕಿಳಿಯುತ್ತದೆ, ಆದರೆ ನುಣುಪು ಕೆಡುವುದಿಲ್ಲ. ಮೊಬೈಲಿನಲ್ಲಿ ಎಳೆದದ್ದರಲ್ಲಿ ಒಂದೇ ಚೌಕಟ್ಟು ಎರಡೆರಡು ಸಲ ಬರುತ್ತದೆ. ಹಾರುವ ಕೂದಲನ್ನೂ ಸೆರಗಿನ ಅಂಚನ್ನೂ ನೋಡಿ: ತೇಲಿದರೆ ಅಸಲಿ, ತಡೆತಡೆದು ಜಿಗಿದರೆ ಎಳೆದದ್ದು. ಎಳೆದದ್ದಾದರೆ ನಿಮ್ಮ ಮುಖ್ಯ ಸುಳಿವೇ ಬಿದ್ದುಹೋಯಿತು, ಮತ್ತೆ ಮೊದಲಿನಿಂದ ಹೊರಡಬೇಕು.

ಮುಂದಿನದು ಸೆರಗು. ಹಕ್ಕುಸ್ವಾಮ್ಯದ ಕಣ್ಣು ತಪ್ಪಿಸಲು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಹಾಕುವ ಮಹಾನುಭಾವರಿದ್ದಾರೆ. ಸಾಮಾನ್ಯ ಉಡುಗೆಯಲ್ಲಿ ಸೆರಗು ಎಡ ಹೆಗಲ ಮೇಲಿರುತ್ತದೆ. ಅದು ಬಲಕ್ಕಿದ್ದು, ನಾಯಕನ ಕೈಗಡಿಯಾರವೂ ಬಲಗೈಯಲ್ಲಿದ್ದರೆ ತಿರುಗಿಸಿದ್ದೇ ಇರಬೇಕು. ಹೆಜ್ಜೆ, ತಿರುವು ಎಲ್ಲವೂ ಅದಲುಬದಲಾಗಿರುತ್ತದೆ, ಆದ್ದರಿಂದ ಸರಿಪಡಿಸಿಕೊಂಡೇ ಮೂಲದೊಡನೆ ಹೋಲಿಸಿ. ಕೊಡಗಿನ ಉಡುಗೆ ಇದಕ್ಕೆ ಹೊರತು: ಅಲ್ಲಿ ನೆರಿಗೆ ಬೆನ್ನ ಹಿಂದೆ, ಸೆರಗು ಬಲ ಹೆಗಲಿಗೆ. ಅದನ್ನೂ ‘ಸರಿಪಡಿಸಿ’ ಕೆಡಿಸಬೇಡಿ.

ಚೌಕಟ್ಟು ಅಗಲವಾಗಿದೆ, ಬಣ್ಣ ಹೊಳೆಯುತ್ತಿದೆ, ಆದ್ದರಿಂದ ಇದು ಹೊಸ ಚಿತ್ರ ಎಂಬ ವಾದವನ್ನು ದಯವಿಟ್ಟು ತರಬೇಡಿ. ‘ನಾಗರಹಾವು’ 2018ರಲ್ಲಿ ಡಿಜಿಟಲ್ ರೂಪದಲ್ಲಿ ಮತ್ತೆ ತೆರೆ ಕಂಡಿದೆ.

ಕೊನೆಯ ತೊಡಕು ರೀಮೇಕ್. ಪುಟ್ಟಣ್ಣನವರೇ ಇದೇ ಕಥೆಯನ್ನು ಹಿಂದಿಯಲ್ಲಿ ‘ಝಹರೀಲಾ ಇನ್ಸಾನ್’ (1974) ಎಂದು ತೆಗೆದರು, ನಾಯಕ ರಿಷಿ ಕಪೂರ್. ಒಂದೇ ಕಥೆ, ಒಂದೇ ನಿರ್ದೇಶಕ. ಮುಖ ಮಸುಕಾಗಿದ್ದರೆ ಗೊಂದಲ ಖಂಡಿತ. ಆಗ ನಾಯಕಿಯ ಉಡುಗೆ ಸ್ಪಷ್ಟವಾಗಿರುವ ಒಂದು ಚೌಕಟ್ಟು, ಗೋಡೆಯ ಸಾಲು ಕಾಣುವ ಇನ್ನೊಂದು ಚೌಕಟ್ಟು ನಿಲ್ಲಿಸಿಕೊಂಡು ಎರಡೂ ಚಿತ್ರಗಳ ಹಾಡುಗಳ ಪಕ್ಕದಲ್ಲಿಟ್ಟು ನೋಡಿ. ಉಡುಗೆಯೂ ಗೋಡೆಯೂ ಒಂದೇ ದೃಶ್ಯದಲ್ಲಿ ಹೊಂದಿದರೆ ಮಾತ್ರ ಹೆಸರು ಹೇಳಿ. ಒಂದಷ್ಟೇ ಹೊಂದಿದರೆ ನಾನಂತೂ ಹೇಳುವುದಿಲ್ಲ.

ಪ್ರಶ್ನೆ: ಮಳೆ, ಬಿಳಿ ಸೀರೆ, ನಾಯಕಿ ನೆನೆಯುತ್ತಾ ಕುಣಿಯುತ್ತಾಳೆ. ಯಾವ ಹಾಡು?

ಉತ್ತರ: ಭಾರತದ ಎಲ್ಲ ಭಾಷೆಗಳ ಅರ್ಧದಷ್ಟು ಹಾಡುಗಳು. ಹಿಂದಿರುವ ಕಟ್ಟಡ, ವಾಹನ, ಫಲಕ ಏನಾದರೂ ಕಂಡರೆ ಬರೆಯಿರಿ.

ಪ್ರಶ್ನೆ: ಬೆಟ್ಟದ ರೈಲಿನ ಮೇಲೆ ಶಾರುಖ್ ಖಾನ್ ಕುಣಿಯುವ ಹಾಡು ಹಿಂದಿಯದೋ ತಮಿಳಿನದೋ?

ಉತ್ತರ: ಚಿತ್ರೀಕರಿಸಿದ್ದು ಹಿಂದಿಗೆ, ‘ದಿಲ್ ಸೇ’ (1998). ತಮಿಳಿಗೆ ಡಬ್ ಆದದ್ದೂ ಅದೇ ದೃಶ್ಯ, ತುಟಿ ನೋಡಿ.

ಪ್ರಶ್ನೆ: ಐನೂರು ರೂಪಾಯಿ ಕಳುಹಿಸಿದರೆ ಯಾವ ಹಾಡನ್ನಾದರೂ ಹುಡುಕಿಕೊಡುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. ನಂಬಬಹುದೇ?

ಉತ್ತರ: ಬೇಡ. ಇಂಥವರು ಕಳುಹಿಸುವುದು ಆ್ಯಪ್ ಹೇಳಿದ ಅದೇ ಹೊಸ ಹಾಡಿನ ಹೆಸರನ್ನು.