ಮಗಳಿಗೆ ತಿಂಗಳ ಖರ್ಚಿನ ಹಣ ಕಳಿಸುವ ಸುಲಭ ದಾರಿ

ಪ್ರಶ್ನೆ: ಮಗಳು ಧಾರವಾಡದಲ್ಲಿ ಓದುತ್ತಿದ್ದಾಳೆ. ತಿಂಗಳ ಖರ್ಚಿನ ದುಡ್ಡು ತಾನಾಗಿಯೇ ಹೋಗುವ ಹಾಗೆ ಮಾಡಬಹುದಾ?

ಉತ್ತರ: ಮಾಡಬಹುದು. ನಿಮ್ಮ ಬ್ಯಾಂಕಿನ ನೆಟ್ ಬ್ಯಾಂಕಿಂಗ್‌ನಲ್ಲಿ ‘ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್’ ಹಾಕಿಡಿ. ಮೊದಲು ಮಗಳ ಖಾತೆಯನ್ನು ಬೆನಿಫಿಷಿಯರಿಯಾಗಿ ಸೇರಿಸಿ ₹1 ಕಳಿಸಿ, ಅವಳಿಗೆ ತಲುಪಿತೇ ಎಂದು ಫೋನ್ ಮಾಡಿ ಕೇಳಿ. ಖಾತೆ ಸಂಖ್ಯೆಯ ಒಂದಂಕಿ ತಪ್ಪಿದರೂ ಹಣ ಬೇರೆಯವರಿಗೆ ಹೋಗಬಹುದು, ವಾಪಸ್ ತರಿಸುವುದು ಕಷ್ಟ.

ಆಮೇಲೆ ಮೊತ್ತ, ತಾರೀಖು, ಕೊನೆಯ ತಿಂಗಳು ನಮೂದಿಸಿ. ಸಂಬಳ 1ನೇ ತಾರೀಖಿಗೆ ಬರುತ್ತಿದ್ದರೆ 4 ಅಥವಾ 5 ಎಂದಿಡಿ. ಸಂಬಳ ಒಂದೆರಡು ದಿನ ತಡವಾದರೂ ಆಗ ತೊಂದರೆಯಿಲ್ಲ. ಆ ದಿನ ಖಾತೆಯಲ್ಲಿ ಹಣ ಸಾಲದಿದ್ದರೆ ವರ್ಗಾವಣೆ ಆಗುವುದಿಲ್ಲ, ಕೆಲವು ಬ್ಯಾಂಕುಗಳು ಅದಕ್ಕೆ ಶುಲ್ಕವನ್ನೂ ಹಾಕುತ್ತವೆ. ಕೊನೆಯ ತಿಂಗಳಾಗಿ ಕೋರ್ಸ್ ಮುಗಿಯುವ ತಿಂಗಳನ್ನೇ ಕೊಡಿ.