ಲೇ ಕೌನ್ಸೆಲರ್ ಟ್ರಯಲ್: ಮೂವರು ಕೌನ್ಸೆಲರ್ ಸಾಕಾ?

ಪ್ರಶ್ನೆ: ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆ ಲೇ ಕೌನ್ಸೆಲರ್‌ಗಳಿಂದ ಆರು ಸೆಷನ್‌ನ ಬಿಹೇವಿಯರಲ್ ಆಕ್ಟಿವೇಶನ್ ಕೊಡಿಸುವ ರ್ಯಾಂಡಮೈಸ್ಡ್ ಟ್ರಯಲ್‌ಗೆ ಪ್ರೊಟೊಕಾಲ್ ಬರೀತಿದ್ದೇನೆ. ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯು-9ರಲ್ಲಿ 2 ಅಂಕಗಳ ವ್ಯತ್ಯಾಸ, ಎಸ್‌ಡಿ 5, ಪವರ್ 80% ಅಂತ ಹಾಕಿದರೆ ಗುಂಪಿಗೆ 98 ಜನ ಬರುತ್ತದೆ. ಕೌನ್ಸೆಲರ್‌ಗಳು ಮೂವರು. ಇಷ್ಟು ಸಾಕಾ?

ಸಾಲದು. ನಿಮ್ಮ 98 ತಪ್ಪಲ್ಲ, ಆದರೆ ಅದರಲ್ಲಿ ಕೌನ್ಸೆಲರ್ ಅನ್ನೋರೇ ಇಲ್ಲ. ಪ್ರತಿ ರೋಗಿಯೂ ಬೇರೆಯವರಿಗೆ ಸಂಬಂಧವಿಲ್ಲದ ಒಬ್ಬ ವ್ಯಕ್ತಿ ಅಂತ ಆ ಲೆಕ್ಕ ನಂಬುತ್ತದೆ. ಚಿಕಿತ್ಸೆಯ ಗುಂಪಿನಲ್ಲಿ ಹಾಗಿರಲ್ಲ. ಒಬ್ಬ ಕೌನ್ಸೆಲರ್ ಚುರುಕಾಗಿದ್ದರೆ ಅವರ ಬಳಿ ಹೋದ ಮೂವತ್ತು ಜನರೂ ಸ್ವಲ್ಪ ಜಾಸ್ತಿ ಸುಧಾರಿಸುತ್ತಾರೆ. ಎಂದಿನ ಆರೈಕೆಯ ಗುಂಪಿಗೆ ಕೌನ್ಸೆಲರೇ ಇಲ್ಲ, ಹಾಗಾಗಿ ಅಲ್ಲಿ ಈ ತೊಂದರೆಯೂ ಇಲ್ಲ. ಒಂದು ಕಡೆ ಮಾತ್ರ ಗುಂಪುಗಟ್ಟುವ ಇಂಥ ವಿನ್ಯಾಸವನ್ನು ಪಾರ್ಷಿಯಲಿ ನೆಸ್ಟೆಡ್ ಅಂತಾರೆ.

ಒಂದೇ ಕೌನ್ಸೆಲರ್ ನೋಡಿದ ರೋಗಿಗಳ ಅಂಕಗಳು ಎಷ್ಟರ ಮಟ್ಟಿಗೆ ಒಂದೇ ಥರ ಇರುತ್ತವೆ ಅನ್ನೋದನ್ನು ಐಸಿಸಿ ಹೇಳುತ್ತದೆ. ಅದು 0.05 ಅಂತ ಇಟ್ಟುಕೊಳ್ಳೋಣ. ಕೌನ್ಸೆಲರ್‌ಗಳ ಸಂಖ್ಯೆ k, ಗುಂಪಿಗೆ ಬೇಕಾದ ಜನ n:

```
n = 1.95 / (2/98 - 0.05/k)
k = 8  ->  138
k = 4  ->  247
k = 3  ->  522
```

ಮೂವರಿದ್ದರೆ ಗುಂಪಿಗೆ ಐನೂರು ದಾಟಿತು. k ಜಾಗದಲ್ಲಿ 2 ಹಾಕಿ ನೋಡಿ, ಕೆಳಗಿನ ಸಂಖ್ಯೆ ಮೈನಸ್ ಆಗುತ್ತದೆ. ಅಂದರೆ ಇಬ್ಬರೇ ಇದ್ದರೆ ಸಾವಿರಾರು ರೋಗಿಗಳನ್ನು ಸೇರಿಸಿದರೂ 80% ಪವರ್ ಸಿಗೋದೇ ಇಲ್ಲ. ಫಲಿತಾಂಶ ಚೆನ್ನಾಗಿ ಬಂದರೂ ಅದು ಚಿಕಿತ್ಸೆಯ ಗುಣವೋ, ಆ ಇಬ್ಬರ ಕೈಗುಣವೋ ಗೊತ್ತಾಗಲ್ಲ.

ಐಸಿಸಿ 0.01 ಅಂತ ಹಾಕಿದರೆ ಮೂವರಿಗೂ 117 ಸಾಕು ಅಂತ ಬರುತ್ತದೆ, ನಿಜ. ಆದರೆ ನಿಮಗೆ ಬೇಕಾದ ಉತ್ತರ ಬರೋ ಐಸಿಸಿಯನ್ನೇ ಆರಿಸಿಕೊಂಡಿರಾ ಅಂತ ರಿವ್ಯೂವರ್ ಕೇಳಿಯೇ ಕೇಳುತ್ತಾರೆ. ಎರಡೂ ಲೆಕ್ಕ ತೋರಿಸಿ, ದೊಡ್ಡದಕ್ಕೆ ತಯಾರಾಗಿ. ಹಣ ಸ್ವಲ್ಪವೇ ಉಳಿದಿದ್ದರೆ ರೋಗಿಗಳ ಸಂಖ್ಯೆ ಏರಿಸಬೇಡಿ, ಕೌನ್ಸೆಲರ್‌ಗಳನ್ನು ಎಂಟಕ್ಕೆ ಏರಿಸಿ. ಮಧ್ಯದಲ್ಲಿ ಬಿಟ್ಟು ಹೋಗುವವರು 15% ಅಂದುಕೊಂಡರೆ 138 ಹೋಗಿ ಗುಂಪಿಗೆ 163 ಆಗುತ್ತದೆ. ಕೌನ್ಸೆಲರ್‌ಗಳು ಎಂಟೇ ಆದಾಗ ಈ ಸೂತ್ರವೂ ಬೇಕಾದ್ದಕ್ಕಿಂತ ಸ್ವಲ್ಪ ಕಡಿಮೆ ಸಂಖ್ಯೆ ಕೊಡುತ್ತದೆ, ಹಾಗಾಗಿ ಸ್ಟಾಟಿಸ್ಟಿಷಿಯನ್ ಹತ್ತಿರ ಸಿಮ್ಯುಲೇಶನ್ ಮಾಡಿಸಿ ಅಂತಿಮ ಸಂಖ್ಯೆ ಬರೆಯಿರಿ.

ಲೆಕ್ಕ ಬದಲಾದ ಮೇಲೆ ಪ್ರೊಟೊಕಾಲ್‌ನ ಬೇರೆ ಭಾಗಗಳೂ ಬದಲಾಗಬೇಕು. ಯಾವ ರೋಗಿ ಯಾವ ಕೌನ್ಸೆಲರ್‌ಗೆ ಅನ್ನೋದನ್ನು ಸರದಿಯ ಪ್ರಕಾರ ಕೊಡಿ. ಬಿಟ್ಟರೆ ಕಷ್ಟದ ಕೇಸೆಲ್ಲ ಅನುಭವಿಗಳ ಬಳಿಯೇ ಹೋಗುತ್ತವೆ. ರ್ಯಾಂಡಮೈಸ್ ಮಾಡಿದ ದಿನವೇ ಕೌನ್ಸೆಲರ್ ಹೆಸರನ್ನೂ ದಾಖಲಿಸಿ. ಇದು ಸಣ್ಣ ವಿಷಯ ಅನ್ನಿಸುತ್ತದೆ, ಅಲ್ವಾ? ಆದರೆ ಒಂದು ಸೆಷನ್‌ಗೂ ಬಾರದ ರೋಗಿಯನ್ನೂ ವಿಶ್ಲೇಷಣೆಯಲ್ಲಿ ಅವರ ಗುಂಪಿನಲ್ಲೇ ಎಣಿಸಬೇಕು. ಹೆಸರು ಬರೆದಿರದಿದ್ದರೆ ಅವರನ್ನು ಯಾರ ಲೆಕ್ಕಕ್ಕೆ ಹಾಕುತ್ತೀರಿ? ಕೆಲಸ ಬಿಟ್ಟ ಕೌನ್ಸೆಲರ್‌ನ ಜಾಗಕ್ಕೆ ಬೇರೆಯವರು ಬಂದರೆ ರೋಗಿ ಮೊದಲಿನವರ ಲೆಕ್ಕದಲ್ಲೇ ಇರುತ್ತಾರೆ ಅಂತಲೂ ಈಗಲೇ ಬರೆದಿಡಿ.

ಇನ್ನು, ಕೌನ್ಸೆಲರ್‌ಗಳ ನಡುವಿನ ವ್ಯತ್ಯಾಸ ಕಡಿಮೆಯಾಗುವಂತೆ ಸೆಷನ್ ವಿವರಿಸಬೇಕು. "ರೋಗಿಯನ್ನು ಚಟುವಟಿಕೆಗೆ ಪ್ರೋತ್ಸಾಹಿಸುವುದು" ಅಂತ ಬರೆದರೆ ಎಂಟು ಜನ ಎಂಟು ಥರ ಮಾಡುತ್ತಾರೆ. ಎರಡನೇ ಸೆಷನ್ ಹೀಗಿರಲಿ: ರೋಗಿ ವಾರದ ಹಾಳೆ ತೆಗೆಯುತ್ತಾರೆ. ಅದರಲ್ಲಿ ಗಂಟೆಗೊಮ್ಮೆ ಏನು ಮಾಡಿದರು, ಆಗ ಮನಸ್ಸು ಹತ್ತಕ್ಕೆ ಎಷ್ಟಿತ್ತು ಅಂತ ಇರುತ್ತದೆ. ಮಧ್ಯಾಹ್ನ ಸುಮ್ನೆ ಮಲಗಿದಾಗ 2, ಅಕ್ಕನ ಜೊತೆ ಮಾತಾಡಿದಾಗ 5. ಕೌನ್ಸೆಲರ್ ಆ ಎರಡು ಸಾಲುಗಳನ್ನು ತೋರಿಸಿ, ಬರುವ ವಾರ ಅಕ್ಕನಿಗೆ ಯಾವ ದಿನ, ಎಷ್ಟು ಗಂಟೆಗೆ ಫೋನ್ ಮಾಡುತ್ತೀರಿ, ಅಡ್ಡ ಬರೋದು ಏನು ಅಂತ ಕೇಳಿ ಬರೆಸುತ್ತಾರೆ. ಇಷ್ಟು ಸ್ಪಷ್ಟವಾಗಿದ್ದರೆ ಆಡಿಯೊ ಕೇಳಿದವರು ಮಾಡಿದ್ದಾರೋ ಇಲ್ಲವೋ ಅಂತ ಅಂಕ ಕೊಡಬಹುದು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ, 495 ರೋಗಿಗಳ ಹೆಲ್ದಿ ಆಕ್ಟಿವಿಟಿ ಪ್ರೋಗ್ರಾಂ ಟ್ರಯಲ್‌ನಲ್ಲಿ ಕೌನ್ಸೆಲರ್‌ಗಳೇ ಪರಸ್ಪರರ ರೆಕಾರ್ಡಿಂಗ್ ಕೇಳಿ ಅಂಕ ಕೊಡುತ್ತಿದ್ದರು. ಆ ಪ್ರೊಟೊಕಾಲ್ ಓದಿ.

ಕೊನೆಯದು, ಪಿಎಚ್‌ಕ್ಯು-9ರ ಒಂಬತ್ತನೇ ಪ್ರಶ್ನೆ, ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ. ಪ್ರಶ್ನೆ ಕೇಳಿ ಅಂಕ ಬರೆಯುವವರು ಕೌನ್ಸೆಲರ್ ಆಗಿರಬಾರದು, ರೋಗಿ ಯಾವ ಗುಂಪಿನಲ್ಲಿದ್ದಾರೆ ಅಂತ ಅವರಿಗೆ ಗೊತ್ತಿರಬಾರದು. ಆದರೆ ಇಲ್ಲಿ ಸೊನ್ನೆಗಿಂತ ಜಾಸ್ತಿ ಬಂದರೆ ಅವರು ಅದೇ ದಿನ ಯಾರಿಗೆ ಫೋನ್ ಮಾಡಬೇಕು, ಆ ವ್ಯಕ್ತಿ ಸಿಗದಿದ್ದರೆ ಮುಂದೆ ಯಾರಿಗೆ ಅಂತ ಪ್ರೊಟೊಕಾಲ್‌ನಲ್ಲೇ ಇರಲಿ. ಎರಡೂ ಗುಂಪಿಗೆ ಒಂದೇ ನಿಯಮ. ನೈತಿಕ ಸಮಿತಿಯವರು ಮೊದಲು ಹುಡುಕೋದು ಈ ಪುಟವನ್ನೇ.