ಗಂಡನ ಅಣ್ಣನ ಹೆಂಡತಿ ನನಗೆ ಅತ್ತಿಗೆಯೋ, ಅಕ್ಕನೋ?

ಪ್ರಶ್ನೆ: ನಾನು ಧಾರವಾಡ ಕಡೆಯವಳು. ಮದುವೆಯಾಗಿ ತುಮಕೂರಿಗೆ ಬಂದು ಎರಡು ತಿಂಗಳಾಯ್ತು. ಅತ್ತೆ, ಮಾವ ಅನ್ನೋದು ಗೊತ್ತು. ಆದರೆ ಗಂಡನ ಅಣ್ಣನ ಹೆಂಡತಿ, ಗಂಡನ ಅಕ್ಕನ ಗಂಡ ಇವರನ್ನೆಲ್ಲ ಏನಂತ ಕರೀಬೇಕು? ನನ್ನ ಗಂಡ ಕರೆದ ಹಾಗೇ ಕರೆದರೆ ಮನೆಯಲ್ಲಿ ನಗುತ್ತಾರೆ.

ಅವರು ಯಾಕೆ ನಗುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಇದೇ ತಪ್ಪನ್ನು ನಾನೂ ಮಾಡಿದ್ದೆ.

ನನ್ನ ತವರು ತಿಪಟೂರು ಕಡೆ. ಕೊಟ್ಟಿದ್ದು ಮಧುಗಿರಿ ಹತ್ತಿರದ ಒಂದು ಹಳ್ಳಿಗೆ. ಮದುವೆಯಾದ ಹೊಸದರಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ನಮ್ಮೆಜಮಾನರ ಅಕ್ಕನ ಗಂಡ ಪಂಕ್ತಿಯಲ್ಲಿ ಕೂತಿದ್ದರು. ನನ್ನ ಗಂಡ ಅವರನ್ನು ಭಾವ ಅಂತ ಕರೆಯುತ್ತಾರಲ್ಲ, ನಾನೂ ಪಾಯಸದ ಬಕೆಟ್ ಹಿಡಿದುಕೊಂಡು "ಭಾವ, ಇನ್ನೊಂದು ಸೌಟು ಹಾಕಲಾ?" ಅಂದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಎಲೆ ಬಿಟ್ಟು ನನ್ನ ಮುಖ ನೋಡಿದರು. "ಅವನು ನಿನಗೆ ಭಾವ ಹೆಂಗಾಯ್ತಾನೆ ತಾಯಿ? ಅಣ್ಣ ಆಗಬೇಕು" ಅಂದರು. ಇಡೀ ಸಾಲು ನಕ್ಕಿತು. ಆ ಅಣ್ಣ ಮಾತ್ರ ತಲೆ ಎತ್ತದೆ ಪಾಯಸ ತಿಂದರು, ಪಾಪ.

ವಿಷಯ ಇಷ್ಟೇ. ನಮ್ಮಲ್ಲಿ ಗಂಡ ಕರೆಯುವ ಹೆಸರು ಹೆಂಡತಿಗೆ ಬರುವುದಿಲ್ಲ, ಹೆಂಡತಿ ಕರೆಯುವುದು ಗಂಡನಿಗೆ ಬರುವುದಿಲ್ಲ. ಅತ್ತೆಗೂ ಮಾವನಿಗೂ ಹುಟ್ಟಿದ ಮಕ್ಕಳು ಒಂದು ಗುಂಪು: ಗಂಡನ ಅಣ್ಣ ಭಾವ, ತಮ್ಮ ಮೈದುನ, ಅಕ್ಕ ಅತ್ತಿಗೆ, ತಂಗಿ ನಾದಿನಿ. ಆ ಮಕ್ಕಳನ್ನು ಮದುವೆಯಾಗಿ ಆ ಮನೆಗೆ ಸೇರಿದವರು ಇನ್ನೊಂದು ಗುಂಪು. ನೀವೂ ಅದೇ ಗುಂಪಿನವರು. ಹಾಗಾಗಿ ಅವರೆಲ್ಲ ನಿಮಗೆ ಅಕ್ಕ, ತಂಗಿ, ಅಣ್ಣ, ತಮ್ಮ. ಭಾವನ ಹೆಂಡತಿ ಅಕ್ಕ. ಅತ್ತಿಗೆಯ ಗಂಡ ಅಣ್ಣ. ನಿಮ್ಮ ಪ್ರಶ್ನೆಗೆ ಉತ್ತರ ಇದೇ.

ಇದರ ಹಿಂದೆ ಒಂದು ಲೆಕ್ಕ ಇದೆ. ನಮ್ಮ ಕಡೆ ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು ಮದುವೆಗೆ ವರಸೆ ಆಗುತ್ತಾರೆ. ಅದಕ್ಕೇ ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಮ್ಮನ ತಮ್ಮನೂ ಮಾವ, ಗಂಡನ ತಂದೆಯೂ ಮಾವ. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ ಇವರ ಮಕ್ಕಳು ಅಣ್ಣತಮ್ಮಂದಿರು, ಅಕ್ಕತಂಗಿಯರು. ಹೊರಗಿನ ಸಂಬಂಧವಾದರೂ ಹೊಸಬರನ್ನು ಇದೇ ಲೆಕ್ಕದೊಳಗೆ ಕೂರಿಸುತ್ತಾರೆ. ನನ್ನ ಗಂಡನ ಅಕ್ಕನನ್ನು ಮದುವೆಯಾದವರನ್ನು ನಾನು ಭಾವ ಅಂದರೆ, ಆ ಲೆಕ್ಕದಲ್ಲಿ ಅವರು ನನಗೆ ಅಣ್ಣನ ಬದಲು ಮದುವೆಗೆ ಆಗುವ ವರಸೆಯಾಗಿಬಿಡುತ್ತಾರೆ. ಅಜ್ಜಿಗೆ ಕಿವಿ ಚುಚ್ಚಿದ್ದು ಅದಕ್ಕೇ.

ಸಂದೇಹ ಬಂದಾಗ ನಾನು ಒಂದು ಉಪಾಯ ಮಾಡುತ್ತೇನೆ. ನಾಳೆ ನನ್ನ ಮಗು ಇವರನ್ನು ಏನು ಕರೆಯುತ್ತದೆ ಅಂತ ಯೋಚಿಸುತ್ತೇನೆ. ಗಂಡನ ಅಣ್ಣನ ಹೆಂಡತಿ ಮಗುವಿಗೆ ದೊಡ್ಡಮ್ಮ. ನನ್ನ ಸ್ವಂತ ಅಕ್ಕನೂ ಮಗುವಿಗೆ ದೊಡ್ಡಮ್ಮನೇ. ಹಾಗಾದರೆ ಅವರು ನನಗೆ ಅಕ್ಕ. ಗಂಡನ ಅಕ್ಕ ಮಗುವಿಗೆ ಅತ್ತೆ, ಅವರ ಗಂಡ ಮಾವ. ನನ್ನ ಅಣ್ಣನೂ ಮಗುವಿಗೆ ಮಾವ ಅಲ್ವಾ? ಹಾಗಾದರೆ ಇವರು ನನಗೆ ಅಣ್ಣ. ಎಷ್ಟೇ ದೂರದ ನೆಂಟರಿಗೂ ಇದು ಬಹುತೇಕ ಸರಿ ಹೋಗುತ್ತದೆ.

ನಿಮ್ಮ ಗಂಡನಿಗೂ ಇದನ್ನೇ ಹೇಳಿಕೊಡಿ, ತವರಿಗೆ ಬಂದಾಗ ಬೇಕಾಗುತ್ತದೆ. ನಿಮ್ಮ ಅಕ್ಕ ಅವರಿಗೆ ಅತ್ತಿಗೆ, ಆ ಅಕ್ಕನ ಗಂಡ ಅವರಿಗೆ ಅಣ್ಣ. ನಿಮ್ಮ ಅಣ್ಣ ಅವರಿಗೆ ಭಾವ, ಅವನ ಹೆಂಡತಿ ಅಕ್ಕ. ನೀವು ವೈನಿ ಅಂತ ಕರೆಯುತ್ತಿದ್ದವರನ್ನೇ ಅವರು ಅಕ್ಕ ಅಂದರೆ ನಗಬೇಡಿ.

ಇನ್ನೊಂದು ಎಡವಟ್ಟು ಆಗುವುದು ಸಂಬಂಧದ ಹೆಸರನ್ನೆಲ್ಲ ಕೂಗುವ ಹೆಸರು ಅಂದುಕೊಂಡಾಗ. ಓರಗಿತ್ತಿ, ನಾದಿನಿ, ಮೈದುನ, ಭಾಮೈದ, ಷಡ್ಡಕ ಇವೆಲ್ಲ ಬೇರೆಯವರ ಹತ್ತಿರ ಹೇಳುವಾಗಿನ ಮಾತು. "ಇವರು ನಮ್ಮ ಓರಗಿತ್ತಿ" ಅನ್ನಬಹುದು (ಹಳ್ಳಿಯಲ್ಲಿ ವಾರಗಿತ್ತಿ ಅಂತಾರೆ, ನಿಮ್ಮ ಕಡೆ ನೆಗೆಣ್ಣಿ). ಆದರೆ "ಓರಗಿತ್ತಿ, ಬನ್ನಿ ಊಟಕ್ಕೆ" ಅಂತ ಯಾರೂ ಕರೆಯುವುದಿಲ್ಲ. ಮೈದುನ, ನಾದಿನಿ ನಿಮಗಿಂತ ಚಿಕ್ಕವರಾದರೆ ಹೆಸರು ಹಿಡಿದು ಕರೆಯಿರಿ.

ಚಿಕ್ಕವರಲ್ಲದಿದ್ದರೆ? ಇಲ್ಲಿ ಸ್ವಲ್ಪ ನಾಜೂಕು ಬೇಕು. ವರಸೆ ನಿರ್ಧಾರ ಆಗುವುದು ಗಂಡನ ವಯಸ್ಸಿನಿಂದ, ನಿಮ್ಮ ವಯಸ್ಸಿನಿಂದಲ್ಲ. ನಮ್ಮ ದೊಡ್ಡ ಮೈದುನ ನನಗಿಂತ ಎರಡು ವರ್ಷ ದೊಡ್ಡವರು. ಅವರು ನನ್ನನ್ನು ಅತ್ತಿಗೆ ಅಂತಲೇ ಕರೆಯುತ್ತಾರೆ. ನಾನು ಬರೀ ಹೆಸರು ಹಿಡಿಯುವುದಿಲ್ಲ, ಹೆಸರಿನ ಜೊತೆ 'ಅವರೇ' ಸೇರಿಸಿ, ಬನ್ನಿ ಹೋಗಿ ಅಂತ ಮಾತಾಡುತ್ತೇನೆ. ಅದೇ ಭಾವನ ಹೆಂಡತಿ ನಿಮಗಿಂತ ವಯಸ್ಸಿನಲ್ಲಿ ಚಿಕ್ಕವಳಾದರೂ ಅಕ್ಕನೇ. ಮೊದಮೊದಲು ನಾಲಿಗೆ ಹೊರಳುವುದಿಲ್ಲ, ಆಮೇಲೆ ರೂಢಿಯಾಗುತ್ತದೆ.

ಈ ಲೆಕ್ಕವೆಲ್ಲ ಕೈಕೊಡುವುದು ಹಳೇ ಸಂಬಂಧದಲ್ಲೇ ಮದುವೆ ಆದಾಗ. ನಮ್ಮ ಮನೆಯಲ್ಲೇ ನೋಡಿ. ಪಾಯಸದ ಕಥೆಯ ಆ ಅಣ್ಣನ ಮಗಳನ್ನು ನಮ್ಮ ಕೊನೆಯ ಮೈದುನನಿಗೆ ತಂದುಕೊಂಡೆವು. ಅಂದರೆ ಅವಳು ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ಮದುವೆಗೆ ಮುಂಚೆ ನಾನು ಅವಳಿಗೆ ಅತ್ತೆ. ಈಗ ಓರಗಿತ್ತಿ, ಲೆಕ್ಕದ ಪ್ರಕಾರ ಅಕ್ಕ ಅನ್ನಬೇಕು. ಅನ್ನುವುದಿಲ್ಲ, ಈಗಲೂ ಅತ್ತೆನೇ. ನನ್ನ ಅತ್ತೆ ಅವಳಿಗೂ ಅತ್ತೆಯಾದರೂ ಅವಳು ಕರೆಯುವುದು ಅಜ್ಜಿ ಅಂತಲೇ. ಹುಟ್ಟಿನಿಂದ ಬಾಯಲ್ಲಿದ್ದ ಹೆಸರನ್ನು ತಾಳಿ ಕಟ್ಟಿದ ಮಾತ್ರಕ್ಕೆ ಯಾರೂ ಬದಲಾಯಿಸುವುದಿಲ್ಲ. ಅವಳ ಮಗ ಮಾತ್ರ ಅಪ್ಪನ ಕಡೆಯ ವರಸೆ ಹಿಡಿದು ನನ್ನನ್ನು ದೊಡ್ಡಮ್ಮ ಅನ್ನುತ್ತಾನೆ. ಅಮ್ಮನಿಗೆ ಅತ್ತೆ, ಮಗನಿಗೆ ದೊಡ್ಡಮ್ಮ! ನಿಮ್ಮ ಗಂಡನ ಮನೆಯಲ್ಲೂ ಇಂಥ ಒಂದು ಜೋಡಿ ಇರಬಹುದು. ಹಾಗಿದ್ದರೆ ಅವರು ಕರೆಯುವುದನ್ನು ಕೇಳಿ ಕಲಿಯಲು ಹೋಗಬೇಡಿ, ಪೂರ್ತಿ ದಾರಿ ತಪ್ಪುತ್ತೀರಿ.

ಪಾವಗಡ ಅಥವಾ ಕೋಲಾರ ಕಡೆ ನೆಂಟರಿದ್ದರೆ ತೆಲುಗು ಮಾತಾಡುವ ಮನೆಗಳೂ ಸಿಗುತ್ತವೆ. ಅಲ್ಲಿ ಮಾವನಿಗೆ ಮಾಮ, ಅತ್ತಿಗೆಗೆ ವದಿನ ಅಂತಾರೆ. ಹೆಸರು ಬೇರೆ, ಲೆಕ್ಕ ಇದೇ. ಓರಗಿತ್ತಿ ಅಲ್ಲೂ ಅಕ್ಕನೇ.

ಅಂದಹಾಗೆ, ಭಾವನ ಹೆಂಡತಿಯನ್ನೂ ಅತ್ತಿಗೆ ಅನ್ನುವ ಸೊಸೆಯರು ಈಗ ಪೇಟೆಯಲ್ಲಿ ಇದ್ದಾರೆ. ನಿಮ್ಮ ಮನೆಯಲ್ಲಿ ನಗುತ್ತಿದ್ದಾರೆ ಅಂದಮೇಲೆ ಅಲ್ಲಿ ಅದು ನಡೆಯುವುದಿಲ್ಲ. ಇವತ್ತು ಅಡುಗೆಮನೆಯಲ್ಲೇ "ಅಕ್ಕಾ, ಈರುಳ್ಳಿ ಎಲ್ಲಿಟ್ಟಿದ್ದೀರಿ?" ಅಂತ ಶುರು ಮಾಡಿ.